ಹೆಸರು ಮುಚ್ಚಿಟ್ಟ ಅರ್ಜಿಗಳು

ದುಬೈಯ ನಮ್ಮ ಕನ್ನಡಿಗರ ಟೆಕ್ ಮೀಟಪ್‌ನಲ್ಲಿ ಮಾತಾಡುವವರನ್ನು ಕರೆಯಲು ಇನ್‌ಸ್ಟಾಗ್ರಾಮ್ ಪೋಸ್ಟಿಗೆ ಒಕ್ಕಣೆ ಬರೆಯುವ ಕೆಲಸ ನನ್ನ ಹೆಗಲಿಗೆ ಬಿತ್ತು. ಅಲ್ ಕುಸೈಸ್‌ನ ಮನೆಯಲ್ಲಿ ಕೂತು ಬರೆದೆ: ವಿಷಯ ಎಐ, ಕ್ಲೌಡ್ ಅಥವಾ ಸೈಬರ್ ಸುರಕ್ಷತೆ, ಗುರುವಾರದೊಳಗೆ ಫಾರ್ಮ್‌ನಲ್ಲಿ ಸಾರಾಂಶ ಕಳಿಸಿ, ಹೆಸರು ಮುಚ್ಚಿಟ್ಟು ಮೂವರು ಆಯೋಜಕರು ಅಂಕ ಕೊಡುತ್ತೇವೆ. ವಶೀಲಿಗೆ ಜಾಗವೇ ಇಲ್ಲವೆಂದು ಬೀಗಿದೆ.

ಸಂಜೆಯಿಂದಲೇ ಅರ್ಜಿ ಹಾಕಿದವರ ಫೋನು ಶುರು. "ಅಕ್ಕ, ಆ ಕ್ಲೌಡ್ ಬಿಲ್ ಕಡಿಮೆ ಮಾಡುದರ ಬಗ್ಗೆ ಒಂದು ಅರ್ಜಿ ಉಂಟಲ್ಲ, ಅದು ನಂದು. ಒಂಚೂರು ನೋಡಿ ಆಯ್ತಾ?"

ಯಾರದೆಂದು ಗೊತ್ತಾದ ಅರ್ಜಿಗೆ ಅಂಕ ಕೊಡಬಾರದೆಂಬುದು ನಮ್ಮ ನಿಯಮ. ಗುರುವಾರದ ಹೊತ್ತಿಗೆ ನಾನು ಅಂಕ ಕೊಡಬಹುದಾದ ಒಂದು ಅರ್ಜಿಯೂ ಉಳಿದಿರಲಿಲ್ಲ. ಇನ್ನಿಬ್ಬರ ಪಾಡೂ ಅದೇ.

ಸಿಟ್ಟು ನೆತ್ತಿಗೇರಿತು. ಗಡುವನ್ನು ಒಂದು ವಾರ ಮುಂದೂಡಿ, ಹೊಸ ಅರ್ಜಿ ಕರೆದು, ಒಕ್ಕಣೆಗೆ ಇನ್ನೊಂದು ಸಾಲು ಸೇರಿಸಿದೆ: ನಿಮ್ಮದು ಯಾವುದೆಂದು ಆಯೋಜಕರಿಗೆ ಹೇಳಿದರೆ ಅರ್ಜಿ ರದ್ದು.

ಎರಡು ದಿನ ಫೋನು ಸುಮ್ಮನಿತ್ತು. ಮೂರನೆಯ ದಿನ ಒಬ್ಬರು ಮಾಡಿದರು.

"ಅಕ್ಕ, ಹೊಸ ನಿಯಮ ಓದಿದೆ, ಭಾರಿ ಒಳ್ಳೇದಾಯ್ತು. ನಂದು ಯಾವುದಂತ ನಾನು ಹೇಳುದೇ ಇಲ್ಲ. ಆದ್ರೆ ಒಟಿಪಿ ಮೋಸದ ಬಗ್ಗೆ ಬಂದದ್ದು ಒಂದೇ ಅಲ್ವಾ?"