ಗೌರಾಬಾಯಿಯ ಹೆಸರಿನ ಮುಂದೆ ಬರೆದದ್ದು

ವಲಾಂಡಿಯ ಓಣಿಯವರು ರಂಭಾಬಾಯಿಯ ಬಗ್ಗೆ ಹೀಗೆ ಹೇಳುತ್ತಿದ್ದರು: "ಊರಾಗ ಮಂದಿ ಜೀವಂತ ಇದ್ದವರ ಜೋಡಿ ಜಗಳಾ ಆಡತಾರ. ಈಕಿ ಸತ್ತಾಕಿ ಜೋಡಿ ಆಡತಾಳ."

ಸುಳ್ಳೇನಲ್ಲ. ರಂಭಾಬಾಯಿ ಕಲ್ಯಾಣಪ್ಪನ ಎರಡನೆಯ ಹೆಂಡತಿ. ಮೊದಲನೆಯವಳು ಗೌರಾಬಾಯಿ ತೀರಿಕೊಂಡ ಎರಡು ವರ್ಷಕ್ಕೆ, ಎಪ್ಪತ್ತಾರನೆಯ ಇಸವಿಯಲ್ಲಿ, ಈಕೆ ಆ ಮನೆಯ ಹೊಸ್ತಿಲು ದಾಟಿ ಬಂದಳು. ಬಂದ ವಾರದಲ್ಲೇ ಗೌರಾಬಾಯಿಯ ತಾಮ್ರದ ಹಂಡೆಯನ್ನು ಮಾರಿಸಿದಳು. ಆಕೆ ನೆಟ್ಟ ಕರಿಬೇವನ್ನು ಕಡಿಸಿದಳು. ಗಂಡ ಊಟಕ್ಕೆ ಕೂತಾಗ ಚಟ್ನಿ ಮೆಚ್ಚಿ ತಲೆಯಾಡಿಸಿದರೆ, "ಯಾರ ನೆನಪಾತು?" ಎಂದು ಕೇಳುವಳು. ಪಾಪ, ಆತ ಚಟ್ನಿಯನ್ನೂ ಸುಮ್ಮನೆ ತಿನ್ನುವುದನ್ನು ಕಲಿತ.

ಆ ಕಲ್ಯಾಣಪ್ಪ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿದ್ದ ಮನುಷ್ಯ. ಕಾರಣ ಅವನ ಕೆಂಪು ಗೆರೆಯ ತೊಗರಿ. ನೆಟೆ ರೋಗ ಬಂದು ಪಕ್ಕದ ಹೊಲ ಒಣಗಿ ನಿಂತರೂ ಅದು ಹಸಿರಾಗಿರುತ್ತಿತ್ತು. ಔರಾದ ಶಹಾಜನಿಯಿಂದಲೂ ಜನ ಬಂದು ಸೇರು ಬೀಜ ಒಯ್ಯುತ್ತಿದ್ದರು. ಬೀಜ ಆರಿಸಿ ತೆಗೆದವರು ಯಾರೆಂದು ಕೇಳಿದರೆ ಕಲ್ಯಾಣಪ್ಪ ಮೀಸೆ ತೀಡಿಕೊಳ್ಳುತ್ತಿದ್ದ, ಒಳಗಿನಿಂದ ರಂಭಾಬಾಯಿಯ ಉತ್ತರ ಬರುತ್ತಿತ್ತು, "ನಾ ಬಂದ ಮ್ಯಾಲ, ನಾನೇ ಆರಿಸಿದ್ದು!"

ಅವನು ಸತ್ತು ಎಂಟು ವರ್ಷವಾದ ಮೇಲೆ ಉದಗೀರದಲ್ಲಿ ಹಳೆಯ ಬೀಜಗಳ ಪ್ರದರ್ಶನ ನಡೆಸಬೇಕೆಂದು ರೈತರೆಲ್ಲ ಸೇರಿ ಗೊತ್ತು ಮಾಡಿದರು. ಒಂದೊಂದು ಬೀಜದ ಹಿಂದೆ ಅದನ್ನು ಕಾಪಾಡಿದವರ ಬಾಳಿನ ಒಂದು ಹಾಳೆ ತೂಗುಹಾಕುವುದು, ಒಂದೇ ಹಾಳೆ, ಹೆಚ್ಚಿಲ್ಲ. ಬರೆಯುವ ಕೆಲಸ ಅಲ್ಲಿನ ವಾಚನಾಲಯ ನೋಡಿಕೊಳ್ಳುವ ಯೋಗಿತಾಳ ಪಾಲಿಗೆ ಬಂತು.

ಯೋಗಿತಾ ಬಂದು ಚಾಪೆಯ ಮೇಲೆ ಕೂತಳು. ಹಾಳೆಯ ನಡುವೆ ಗೆರೆ ಎಳೆದಳು. ಎಡಕ್ಕೆ ಸಂಗತಿ, ಬಲಕ್ಕೆ ಅದರ ಭರವಸೆ.

"ಭರವಸಿ ಅಂದ್ರ?" ಎಂದಳು ರಂಭಾಬಾಯಿ.

"ಎಷ್ಟು ನಂಬಬಹುದು ಅಂತ ರೀ, ಆಯೀ. ಆಗಿನ ಕಾಲದ್ದೇ ಕಾಗದ ಇದ್ದು, ಅದಕ್ಕ ಸಂಬಂಧ ಇಲ್ಲದ ಇನ್ನೊಬ್ಬರ ಮಾತೂ ಕೂಡಿ ಬಂತಂದ್ರ 'ಖಚಿತ'. ಎರಡರಾಗ ಒಂದೇ ಇತ್ತಂದ್ರ 'ಬಹುಶಃ'. ಕಣ್ಣಾರೆ ನೋಡದವರ ಬಾಯಿಮಾತು ಅಷ್ಟ ಇದ್ರ 'ಕೇಳಿದ್ದು'."

ಮೊದಲು ಕಲ್ಯಾಣಪ್ಪನ ಹುಟ್ಟು. ಶಾಲೆಯ ದಾಖಲೆಯಲ್ಲಿ ಒಂದು ಜೂನ್ ಸಾವಿರದ ಒಂಬೈನೂರ ಮೂವತ್ತೆಂಟು ಎಂದಿತ್ತು. ಯೋಗಿತಾ ಇಸವಿಯ ಮುಂದೆ 'ಬಹುಶಃ' ಬರೆದಳು, ತಾರೀಖಿನ ಮುಂದೆ 'ನಂಬುವಂತಿಲ್ಲ' ಎಂದು ಬರೆದಳು.

"ಯಾಕ ನಂಬಂಗಿಲ್ಲ? ಮಾಸ್ತರ ಬರದಾನ!"

"ಆ ಪುಸ್ತಕದಾಗ ಅರ್ಧ ಮಂದಿ ಒಂದು ಜೂನಕ್ಕೇ ಹುಟ್ಯಾರ ರೀ."

ಬಾಗಿಲಲ್ಲಿ ಕೂತಿದ್ದ ಪಕ್ಕದ ಮನೆಯ ಉಮಾಬಾಯಿ ಕಿಸಕ್ಕನೆ ನಕ್ಕಳು. "ಅಂದು ಸೂಲಗಿತ್ತಿ ಸೊಂಟ ಮುರದಿರಬೇಕು, ತಗೋ."

ನಂತರ ಬೀಜದ ಸರದಿ. ರಂಭಾಬಾಯಿ ಸೆರಗು ಸರಿಮಾಡಿಕೊಂಡಳು. ಪತ್ರಿಕೆಯಲ್ಲಿ ಬಂದ ಲೇಖನ, ಕೃಷಿ ಕಚೇರಿಯವರು ಕೊಟ್ಟ ಸನ್ಮಾನಪತ್ರ, ಎರಡನ್ನೂ ಮುಂದಿಟ್ಟಳು. ಎರಡರಲ್ಲೂ ಅವಳದೇ ಹೆಸರು.

"ಪತ್ರಿಕೆಯವರಿಗೆ ಇದನ್ನ ಹೇಳಿದವರು ಯಾರು ರೀ?"

"ನಾನೇ."

"ಕಚೇರಿಯವರಿಗೆ?"

"ನಾನಲ್ಲದ ಇನ್ಯಾರು ಹೇಳಬೇಕು?"

"ಹಂಗಾದ್ರ ಇವು ಮೂರು ಸಾಕ್ಷಿ ಅಲ್ಲ, ಆಯೀ. ಒಂದೇ ಬಾಯಿ ಮೂರು ಕಡೆ ಮಾತಾಡೇದ. ನೀವು ಕಣ್ಣಾರೆ ನೋಡಿದವರು, ಅದಕ್ಕ 'ಬಹುಶಃ' ಅಂತೀನಿ. ಆಗಿನ ಒಂದು ಕಾಗದ ಸಿಕ್ಕಿದ್ರ 'ಖಚಿತ' ಮಾಡತೀನಿ."

ಕೊನೆಗೆ ಯೋಗಿತಾ ಮೊದಲ ಹೆಂಡತಿಯ ಹೆಸರು ಕೇಳಿದಳು. ರಂಭಾಬಾಯಿ ಸನ್ಮಾನಪತ್ರವನ್ನು ಮಡಚತೊಡಗಿದಳು. ಉಮಾಬಾಯಿಯೇ ಹೇಳಿದಳು. ಆದರೆ ಉಮಾಬಾಯಿ ಈ ಊರಿಗೆ ಸೊಸೆಯಾಗಿ ಬಂದದ್ದು ಎಂಬತ್ತರಲ್ಲಿ; ಗೌರಾಬಾಯಿಯನ್ನು ಕಂಡವಳಲ್ಲ. ಯೋಗಿತಾ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ಮೊದಲ ಹೆಂಡತಿ ಗೌರಾಬಾಯಿ. ಕೇಳಿದ್ದು."

ಅವಳು ಹೋದ ಮೇಲೆ ರಂಭಾಬಾಯಿ ಟ್ರಂಕು ತೆಗೆದಳು. 'ಖಚಿತ' ಎಂಬ ಆ ಮಾತು ತನ್ನ ಹೆಸರಿನ ಮುಂದೆ ಬರಬೇಕು, ಅಷ್ಟೇ. ಮದುವೆಯ ಪತ್ರಿಕೆ, ಹೊಲದ ಪಾವತಿ, ಗಂಡನ ಕನ್ನಡಕ, ಎಲ್ಲ ಕಿತ್ತು ಹೊರಗೆ ಹಾಕಿದಳು. ತಾನು ಬೀಜ ಆರಿಸಿದ್ದಕ್ಕೆ ಒಂದು ಚೂರು ಕಾಗದವಿರಲಿಲ್ಲ. ಇದ್ದದ್ದು ಒಂದೇ, ತಳಕ್ಕೆ ಹಾಸಿದ ಹಳೆಯ ಕ್ಯಾಲೆಂಡರಿನ ಅಡಿಯಲ್ಲಿ. ಅದು ಅಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಇಟ್ಟವಳೇ ಅವಳು. ಮದುವೆಯಾದ ಹೊಸದರಲ್ಲಿ ಗೌರಾಬಾಯಿಯ ಇಳಕಲ್ ಸೀರೆಯ ಮಡಿಕೆಯಲ್ಲಿ ಸಿಕ್ಕಿದ ಮರಾಠಿ ಚೀಟಿ. ಎಪ್ಪತ್ಮೂರನೆಯ ಇಸವಿ, ಉದಗೀರದ ಪ್ರದರ್ಶನದ ಮೊಹರು, ಕೆಂಪು ಗೆರೆಯ ತೊಗರಿ ಬೀಜಕ್ಕೆ ಮೊದಲ ಬಹುಮಾನ, ಸೌ. ಗೌರಾಬಾಯಿ ಕಲ್ಯಾಣಪ್ಪ. ನಾಲ್ಕನೆಯ ತರಗತಿಯವರೆಗೆ ಮರಾಠಿ ಕಲಿತ ರಂಭಾಬಾಯಿ ಅದನ್ನು ಅಂದೇ ಅಕ್ಷರ ಕೂಡಿಸಿ ಓದಿದ್ದಳು. ಒಲೆಗೆ ಹಾಕಬೇಕೆಂದು ಹಿಡಿದಿದ್ದಳು. ಅಷ್ಟರಲ್ಲಿ ಗಂಡ ಚಹಾ ಕೇಳಿದ. ಆಮೇಲೆ ಕೈಯೇ ಬರಲಿಲ್ಲ.

ಈಗ ಮೈಯೆಲ್ಲ ಉರಿಯಿತು. ಇವಳಿಗೆ ಕಾಗದವೂ ಇದೆಯಲ್ಲ! ಸತ್ತು ಐವತ್ತು ವರ್ಷ, ಆದರೂ ಮೊಹರು ಹಾಕಿಸಿಕೊಂಡು ಕೂತಿದ್ದಾಳೆ. ನಾನು ಚಳಿಯಲ್ಲಿ ಹೊಲ ಸುತ್ತಿ, ಒಣಗದ ಗಿಡಕ್ಕೆ ಗುರುತಿನ ಚಿಂದಿ ಕಟ್ಟಿ, ಬೀಜಕ್ಕೆ ಬೂದಿ ಬೆರೆಸಿ ಗಡಿಗೆ ತುಂಬಿದ್ದು ನಲವತ್ತು ವರ್ಷ. ನನಗೆ 'ಬಹುಶಃ'!

ಸುಮ್ಮನಿದ್ದರೆ ಬೀಜ ರಂಭಾಬಾಯಿಯದೇ. ಚೀಟಿ ಮತ್ತೆ ಕ್ಯಾಲೆಂಡರಿನ ಅಡಿಗೆ ಹೋಯಿತು.

ಮುಂದಿನ ವಾರ ಯೋಗಿತಾ ಅಚ್ಚುಕಟ್ಟಾಗಿ ಬರೆದ ಹಾಳೆ ತಂದು ಓದಿದಳು. ಬೀಜ ಆರಿಸಿದವರು ರಂಭಾಬಾಯಿ, ಬಹುಶಃ. ಮೊದಲ ಹೆಂಡತಿ ಗೌರಾಬಾಯಿ, ಕೇಳಿದ್ದು.

"ಕೇಳಿದ್ದು ಅಂದ್ರ ಏನವ್ವಾ? ಆಕಿ ಇದ್ದಳೋ ಇಲ್ಲೋ ಅಂತ ಅನುಮಾನೇನು?"

"ಇದ್ದಿರಬೇಕು ರೀ. ಸಾಕ್ಷಿ ಸಿಕ್ಕಿಲ್ಲ, ಅಷ್ಟ."

"ಇದ್ದಿರಬೇಕು?" ರಂಭಾಬಾಯಿಯ ದನಿ ಏರಿತು. "ಆಕಿ ಇರಲೇ ಇಲ್ಲಂದ್ರ ನಾ ಯಾರ ಜೋಡಿ ಇಷ್ಟು ವರ್ಷ ಬಡದಾಡೀನಿ? ಗಾಳಿ ಜೋಡೀನ?"

ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ಧಡಕ್ಕೆಂದಿತು. ಚೀಟಿಯನ್ನು ತಂದು ಹುಡುಗಿಯ ತೊಡೆಯ ಮೇಲೆ ಎಸೆದಳು.

ಯೋಗಿತಾ ಮೊಹರನ್ನು ಬೆಳಕಿಗೆ ಹಿಡಿದು ನೋಡಿದಳು. "ಬಹುಮಾನ ಆಕಿ ಹೆಸರಿಗೆ ಬಂದದ್ದು ಈ ಚೀಟಿಯಿಂದ ತಿಳೀತದ. ಆದ್ರ ಬೀಜ ಆರಿಸಿದಾಕಿ ಆಕಿನೇ ಅಂತ ಇದು ಹೇಳೂದಿಲ್ಲ. ಗಂಡನ ಬೀಜ ಹೆಂಡತಿ ಹೆಸರಿಗೆ ಇಟ್ಟಿರಬಹುದು."

ಇನ್ನೂ ಸುಮ್ಮನಿರಬಹುದಿತ್ತು. ರಂಭಾಬಾಯಿ ಹಲ್ಲು ಕಚ್ಚಿದಳು.

"ಆಕಿನೇ ಆರಿಸಿದ್ದು. ನಾ ಬಂದಾಗ ಮೂರು ಗಡಿಗಿ ತುಂಬಿ ಇಟ್ಟಿದ್ದಳು, ಚಿಂದಿ ಗಂಟೂ ಆಕಿ ಸೀರೀದೇ. ಯಾವ ಗಿಡಕ್ಕ ಕಟ್ಟಬೇಕು ಅನ್ನೂದು ಆಕಿ ಅವರಿಗೆ ಹೇಳಿದ್ದಳು, ಅವರು ನನಗ ಹೇಳಿದ್ರು. ಬರಕೋ."

ಯೋಗಿತಾ ಪೆನ್ನು ತೆಗೆದಳು. "ತಮ್ಮ ಮಾತಿಗೆ ತಾವೇ ವಿರುದ್ಧ ಹೇಳಿದ್ರ ಅದಕ್ಕ ತೂಕ ಹೆಚ್ಚು ರೀ, ಆಯೀ," ಎಂದು ಹೇಳಿ ಹಳೆಯ ಸಾಲು ಹೊಡೆದು ಹಾಕಿದಳು. ಬೀಜ ಆರಿಸಿದವರು ಗೌರಾಬಾಯಿ: ಖಚಿತ. ಎಪ್ಪತ್ತಾರರಿಂದ ಕಾಪಾಡಿ ಹಂಚಿದವರು ರಂಭಾಬಾಯಿ. ಇದಕ್ಕೆ ಕಲ್ಯಾಣಪ್ಪನ ಲೆಕ್ಕದ ವಹಿಯಲ್ಲಿ ಬೀಜ ಒಯ್ದವರ ಪಟ್ಟಿಯಿತ್ತು, ಆ ವಾರ ಯೋಗಿತಾ ಕೇಳಿ ಬಂದಿದ್ದ, ಒಯ್ದ ಊರುಗಳ ರೈತರ ಮಾತೂ ಇತ್ತು. ಅದೂ ಖಚಿತ.

"ಆಕಿ ಹೆಸರು ಮ್ಯಾಲ್ಯಾಕ?"

"ಇಸವಿ ಪ್ರಕಾರ ರೀ."

"ಹೂಂ. ಸತ್ತ ಮ್ಯಾಲೂ ಮುಂದ ಮುಂದನ."

ಪ್ರದರ್ಶನದ ದಿನ ರಂಭಾಬಾಯಿ ಹಸಿರು ಸೀರೆ ಉಟ್ಟು ಬೆಳಗ್ಗೆಯೇ ತಯಾರಾದಳು. ಅದೇ ವಾರ, ಉದಗೀರಕ್ಕೆ ಕೊಟ್ಟ ಮಗಳು ತ್ರಿವೇಣಿಯ ಮನೆಯಲ್ಲಿ, ರಂಭಾಬಾಯಿ ತೀರಿಕೊಳ್ಳುವವಳಿದ್ದಳು. ಆದರೆ ಅಂದು ಯಾರಿಗೆ ಗೊತ್ತಿತ್ತು? ಮಂಡಿನೋವಿಗೆ ಬೈಯುತ್ತ ಮೆಟ್ಟಿಲು ಇಳಿದಳು.

"ಎಲ್ಲಿಗೆ ಹೊಂಟ್ಯವ್ವಾ, ಇಷ್ಟು ಲಗೂನ?" ಎಂದಳು ಉಮಾಬಾಯಿ.

"ಉದಗೀರಕ್ಕ. ಆಕಿ ಹೆಸರು ನನ್ನ ಹೆಸರಕಿಂತ ದಪ್ಪ ಬರದಾರೇನ ನೋಡಿ ಬರತೀನಿ," ಎನ್ನುತ್ತ ರಂಭಾಬಾಯಿ ಬಸ್ ಸ್ಟ್ಯಾಂಡಿನ ಹಾದಿ ಹಿಡಿದಳು.