ನೂರು ಕಿಲೋದ ಗೋಳಿಬಜೆ

ಬದಿಯಡ್ಕದ ನಮ್ಮ ಜಿಮ್‌ನಲ್ಲಿ ಒಂದು ಪದ್ಧತಿ ಇತ್ತು. ಮೊದಲ ಸಲ ನೂರು ಕಿಲೋ ಹೆಗಲ ಮೇಲೆ ಹೊತ್ತು ಕೂತು ಎದ್ದವರು ಎಲ್ಲರಿಗೂ ಗೋಳಿಬಜೆ ತರಿಸಬೇಕು. ನಾನೂ ತರಿಸಿದ್ದೆ. ಎದುರಿನ ಹೋಟೆಲಿನಿಂದ ಬಿಸಿಬಿಸಿ ಕಟ್ಟು ಬಂದಾಗ ಜಿಮ್‌ನ ಮಾಸ್ಟ್ರು ಎಲ್ಲರ ಮುಂದೆ, "ನಮ್ಮ ಟೀಚರ್ ಸೆಂಚುರಿ ಬಾರಿಸಿದ್ರು" ಎಂದಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹರೆಯದ ಹುಡುಗರ ನಡುವೆ ಮೂವತ್ತೆಂಟರ ಹೆಂಗಸು ನೂರು ಎತ್ತಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿತ್ತು.

ಜಿಮ್ ಇದ್ದದ್ದು ಅಡಿಕೆ ಮಂಡಿಯ ಮಾಳಿಗೆಯಲ್ಲಿ. ಕೆಳಗೆ ಅಡಿಕೆ ಮೂಟೆ ತೂಗುವ ಸಾಹುಕಾರರು, ಮೇಲೆ ಕಬ್ಬಿಣ ಎತ್ತುವ ನಾವು. ಮಾಸ್ಟ್ರು ನನಗಿಂತ ಆರೇಳು ವರ್ಷ ಚಿಕ್ಕವರು, ಆದರೆ ಅಲ್ಲಿ ಅವರ ಮಾತೇ ವೇದವಾಕ್ಯ. ನನ್ನ ಜೊತೆ ಬೆಳಿಗ್ಗೆ ಬರುತ್ತಿದ್ದವಳು ಒಬ್ಬ ಗೆಳತಿ. ಖಾಸಗಿ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ, ಮನೆಯಲ್ಲಿ ಕೊಂಕಣಿ, ನನ್ನೊಂದಿಗೆ ಕನ್ನಡ. ನಾನು ತೂಕ ಹೊತ್ತು ಕೂತು ಏಳುವಾಗ, ಅಂದರೆ ಸ್ಕ್ವಾಟ್ ಮಾಡುವಾಗ, ಅವಳು ಬೆನ್ನ ಹಿಂದೆ ನಿಲ್ಲುತ್ತಿದ್ದಳು, ಅವಳು ಮಾಡುವಾಗ ನಾನು. ತೂಕದ ಕೆಳಗೆ ಸಿಕ್ಕಿಬಿದ್ದರೆ ಎತ್ತಿಕೊಳ್ಳುವ ಕೈ ಅದು. ಅಂಥ ಕೈಯ ಮೇಲಿನ ನಂಬಿಕೆ ಬೇರೆಯೇ.

ಕಾಸರಗೋಡಿನಲ್ಲಿ ಜಿಲ್ಲಾ ಮಟ್ಟದ ಪವರ್‌ಲಿಫ್ಟಿಂಗ್ ಸ್ಪರ್ಧೆ ಇದೆ ಎಂದು ತಿಳಿದಾಗ ಎಂಟು ವಾರ ಉಳಿದಿತ್ತು. ಮಾಸ್ಟ್ರು ನಮ್ಮಿಬ್ಬರನ್ನೂ ಕೂರಿಸಿ ಆ ಎಂಟು ವಾರಗಳನ್ನು ವಿವರಿಸಿದರು. ಮೊದಲು ಐದೈದು ಸಲ ಎತ್ತುವ ಮಧ್ಯಮ ತೂಕ, ಸೆಟ್ಟುಗಳು ಜಾಸ್ತಿ. ಆಮೇಲೆ ತೂಕ ಏರುತ್ತದೆ, ಎಣಿಕೆ ಇಳಿಯುತ್ತದೆ: ಮೂರು, ಎರಡು, ಕಡೆಗೆ ಒಂದೇ ಒಂದು. ಬೆಂಚ್ ಪ್ರೆಸ್‌ನಲ್ಲಿ ಬೆಂಚಿನ ಮೇಲೆ ಮಲಗಿ ಕಂಬಿಯನ್ನು ಎದೆಯ ಮೇಲೆ ನಿಲ್ಲಿಸಿ, ಅವರು "ಪ್ರೆಸ್" ಎಂದ ಮೇಲೇ ಒತ್ತಬೇಕು. ಸ್ಪರ್ಧೆಗೆ ಎರಡು ವಾರ ಇರುವಾಗ ಕಡೆಯ ದೊಡ್ಡ ತೂಕ. ಕೊನೆಯ ವಾರ ಹಗುರವಾದದ್ದೇ ಎರಡು ದಿನ, ಉಳಿದದ್ದು ವಿಶ್ರಾಂತಿ. "ಕೊನೆಯ ವಾರ ಶಕ್ತಿ ಬರುವುದಿಲ್ಲ ಟೀಚರ್, ಬಂದ ಶಕ್ತಿಯ ಮೇಲಿನ ದಣಿವು ಇಳಿಯುದು ಅಷ್ಟೆ" ಎಂದರು. ಎಷ್ಟು ಸರಿಯಾದ ಮಾತು! ಈಗಲೂ ಅದನ್ನು ಅಲ್ಲಗಳೆಯಲಾರೆ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು.

ನಾಲ್ಕನೆಯ ವಾರಕ್ಕೆ ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಮುನಿಯುತ್ತಿತ್ತು. ತರಗತಿಯಲ್ಲಿ ಬೋರ್ಡಿಗೆ ಒರಗಿ ಪಾಠ ಮಾಡುತ್ತಿದ್ದೆ. ಐದನೆಯ ವಾರ ಗೆಳತಿ ಮಂಗಳೂರಿಗೆ ತವರುಮನೆಗೆ ಹೋಗಿದ್ದಳು. ಅಭ್ಯಾಸ ತಪ್ಪಬಾರದೆಂದು ಅಲ್ಲಿಯ ಯಾವುದೋ ಜಿಮ್‌ನಲ್ಲಿ ಸ್ಕ್ವಾಟ್ ಮಾಡಿ ಬಂದಳು. "ಹೇಗಿತ್ತು?" ಎಂದು ಕೇಳಿದೆ. "ಎಂತದೋ, ಭಾರ ಆಯ್ತು. ಪ್ರಯಾಣದ್ದು ಇರ್ಬೇಕು" ಎಂದಳು. ನಾನು ಅದನ್ನು ಅಲ್ಲಿಗೇ ಮರೆತೆ.

ಆರನೆಯ ವಾರದ ಕೊನೆಗೆ ನನ್ನ ದೊಡ್ಡ ದಿನ. ಕಂಬಿಯ ತೂಕ ಇಪ್ಪತ್ತು, ಎರಡೂ ಬದಿಗೆ ಇಪ್ಪತ್ತರ ಹಳೆಯ ಪ್ಲೇಟು ಎರಡೆರಡು, ಮೇಲೆ ಸಣ್ಣ ಹೊಸ ಪ್ಲೇಟುಗಳು. ಒಟ್ಟು ನೂರ ಏಳೂವರೆ. ಹಲ್ಲು ಕಚ್ಚಿ ಎದ್ದೆ. ಮಾಸ್ಟ್ರು ಚಪ್ಪಾಳೆ ತಟ್ಟಿದರು. ಗೆಳತಿ ಮಾತ್ರ ಕಂಬಿಯನ್ನು ಸ್ಟ್ಯಾಂಡಿಗೆ ಸೇರಿಸಿ ಸುಮ್ಮನೆ ನೀರು ಕುಡಿಯಲು ಹೋದಳು.

ಅಂದೇ ತೂಕಗಳ ಲೆಕ್ಕ ಹಾಕಿದೆವು. ಸ್ಪರ್ಧೆಯಲ್ಲಿ ಸ್ಕ್ವಾಟ್, ಬೆಂಚ್ ಪ್ರೆಸ್, ನೆಲದಿಂದ ಕಂಬಿ ಎತ್ತುವ ಡೆಡ್‌ಲಿಫ್ಟ್, ಒಂದೊಂದಕ್ಕೂ ಮೂರು ಅವಕಾಶ. ಒಮ್ಮೆ ಒಂದು ತೂಕಕ್ಕೆ ಕಂಬಿಯ ಕೆಳಗೆ ಹೋದ ಮೇಲೆ ಅದಕ್ಕಿಂತ ಇಳಿಯುವಂತಿಲ್ಲ. ಯಾವುದಾದರೂ ಒಂದರಲ್ಲಿ ಮೂರೂ ಸೋತರೆ ಮೂರನ್ನೂ ಕೂಡಿದ ಒಟ್ಟು ಮೊತ್ತವೇ ಇಲ್ಲ, ಇಡೀ ದಿನ ನೀರಿನಲ್ಲಿ ಹೋಮ. ಹಾಗಾಗಿ ಮೊದಲನೆಯದು ಜ್ವರ ಬಂದ ದಿನವೂ ಮೂರು ಸಲ ಎತ್ತಬಲ್ಲ ತೂಕವಾಗಿರಬೇಕು. ಎರಡನೆಯದು ಈವರೆಗಿನ ಉತ್ತಮಕ್ಕೆ ಹತ್ತಿರ. ಮೂರನೆಯದು ಆಸೆ. ನಾನು ನೂರನ್ನು ಮೂರು ಸಲ ಎತ್ತಿದ್ದೆ. ನೂರು, ನೂರೈದು, ನೂರ ಹತ್ತು ಎಂದು ಬರೆದೆ. ಶೇಕಡಾವಾರು ಹಾಕಿ ಮಾಸ್ಟ್ರಿಗೆ ತೋರಿಸಿದೆ. ಅವರು ಕತ್ತು ಕೆರೆದುಕೊಂಡರು. "ಮೊದಲನೇದು ಸ್ವಲ್ಪ ಕಡಿಮೆ ಮಾಡುವನಾ ಟೀಚರ್?" ಎಂದರು.

"ಯಾಕೆ? ಇದು ಶೇಕಡಾ ತೊಂಬತ್ತಮೂರು. ಮೂರು ಸಲ ಎತ್ತಿದ್ದನ್ನು ನೀವೇ ನೋಡಿದ್ದೀರಲ್ಲ?"

"ಅದು ಉಂಟು" ಎಂದರು. ಅಷ್ಟೇ.

ಸ್ಪರ್ಧೆಯ ದಿನ ಬೆಳಿಗ್ಗೆ ದೇಹತೂಕ ನೋಡಿ, ಮೊದಲ ತೂಕಗಳನ್ನು ಬರೆಸಿಕೊಂಡರು. ನಾನು ಅರವತ್ತಮೂರರ ವಿಭಾಗ, ಗೆಳತಿ ಅರವತ್ತೊಂಬತ್ತರದ್ದು. ಅಂದರೆ ನಮ್ಮಿಬ್ಬರಿಗೂ ಪೈಪೋಟಿಯೇ ಇಲ್ಲ. ಹೊರಗೆ ಬಂದ ಮೇಲೆ ಕೇಳಿದೆ. ನೂರ ಹತ್ತು ಎಂದು ನಿಶ್ಚಯಿಸಿದ್ದ ಸ್ಕ್ವಾಟ್‌ಗೆ ಅವಳು ನೂರ ಎರಡೂವರೆ ಬರೆಸಿದ್ದಳು.

"ಎಂತ ಮಾರಾಯ್ತಿ, ಹೆದರಿಕೆಯಾ?" ಎಂದು ನಕ್ಕೆ.

"ಇಲ್ಲ, ಸೇಫ್ ಆಗಿ ಹೋಗುವ ಅಂತ" ಎಂದು ಬೆಲ್ಟ್ ಹುಡುಕತೊಡಗಿದಳು. ಬೆಲ್ಟ್ ಅವಳ ಹೆಗಲ ಮೇಲೆಯೇ ಇತ್ತು.

ನನ್ನ ಹೆಸರು ಕೂಗಿದರು. ಬಣ್ಣಬಣ್ಣದ ಹೊಸ ಪ್ಲೇಟುಗಳು. ಕಂಬಿಯನ್ನು ಹೆಗಲಿಗೆ ತೆಗೆದುಕೊಂಡ ಕ್ಷಣವೇ ತಪ್ಪು ತೂಕ ಹಾಕಿದ್ದಾರೆ ಎನಿಸಿತು. ಕೂತೆ. ಏಳಲಾಗಲಿಲ್ಲ. ಪಕ್ಕದವರು ಹಿಡಿದುಕೊಂಡರು. ಮಾಸ್ಟ್ರ ಮುಖ ನೋಡಿದೆ, ಅವರು ಪ್ಲೇಟುಗಳನ್ನು ನೋಡುತ್ತಿದ್ದರು. ಎರಡನೆಯ ಸಲವೂ ನೂರೇ. ಈ ಬಾರಿ ಹೆದರಿ ಪೂರ್ತಿ ಕೂರಲೇ ಇಲ್ಲ. ಸೊಂಟ ಮೊಣಕಾಲಿಗಿಂತ ಕೆಳಗೆ ಇಳಿಯಲಿಲ್ಲ ಎಂದು ಮೂವರು ತೀರ್ಪುಗಾರರಲ್ಲಿ ಇಬ್ಬರದು ಕೆಂಪು ದೀಪ.

ಇನ್ನೊಂದೇ ಅವಕಾಶ. ಸೋತರೆ ಮನೆಗೆ. ಎಂಟು ವಾರ ನಾನು ಸೋರೆಕಾಯಿ ಹೊತ್ತಿದ್ದೆನೇ ಎಂದು ನನ್ನ ಮೇಲೇ ನನಗೆ ರೋಷ ಬಂತು. ಆ ರೋಷದಲ್ಲೇ ಕಂಬಿಯ ಕೆಳಗೆ ಹೋದೆ. ಕೂತೆ, ಅರ್ಧದಲ್ಲಿ ನಿಂತೇಹೋದೆ, ಕಣ್ಣು ಕತ್ತಲೆ ಬಂತು, ಅದು ಹೇಗೋ ಎದ್ದೆ. ಎರಡು ಬಿಳಿ, ಒಂದು ಕೆಂಪು. ಪಾಸು. ಹಿಂದೆ ಯಾರೋ, "ಮೊದಲನೇ ತೂಕಕ್ಕೇ ಇಷ್ಟು ಕಷ್ಟವಾ?" ಎಂದದ್ದು ಕೇಳಿಸಿತು.

ಆಮೇಲೆ ಮಾಸ್ಟ್ರು ನನ್ನನ್ನು ಕೇಳದೆಯೇ ಹೋಗಿ ಬೆಂಚ್ ಮತ್ತು ಡೆಡ್‌ಲಿಫ್ಟ್‌ನ ಮೊದಲ ತೂಕಗಳನ್ನು ಇಳಿಸಿ ಬಂದರು. ಆ ಸುತ್ತು ಶುರುವಾಗುವ ಮೊದಲು ಹಾಗೆ ಬದಲಿಸಬಹುದು. ನನ್ನ ಮೇಲಿನ ನಂಬಿಕೆ ಹೋಯಿತು ಎಂದುಕೊಂಡೆ. ಇಳಿಸಿದ ತೂಕಗಳನ್ನು ಎತ್ತಿದೆ, ಮೊತ್ತ ಸಿಕ್ಕಿತು. ಗೆಳತಿಗೆ ಬೆಳ್ಳಿ ಪದಕ.

ವಾಪಸು ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ನಾನು ಮಾಸ್ಟ್ರಲ್ಲಿ ಕ್ಷಮೆ ಕೇಳಿದೆ. ಹೌದು, ಕ್ಷಮೆ ಕೇಳಿದೆ: ನಿಮ್ಮ ಎಂಟು ವಾರದ ಶ್ರಮ ಹಾಳು ಮಾಡಿದೆ ಎಂದು. ಅವರು ಕಿಟಕಿಯ ಕಡೆ ನೋಡುತ್ತ, "ಶಕ್ತಿ ಉಂಟು ಟೀಚರ್, ಮನಸ್ಸು ಗಟ್ಟಿ ಇಲ್ಲ ನಿಮ್ಗೆ" ಎಂದರು. ನಾನು ಅತ್ತೆ. ಗೆಳತಿ ನನ್ನ ಕೈ ಹಿಡಿದುಕೊಂಡಳು. ಸಮಾಧಾನ ಮಾಡುತ್ತಿದ್ದಾಳೆ ಎಂದು ನಾನೂ ಗಟ್ಟಿಯಾಗಿ ಹಿಡಿದುಕೊಂಡೆ.

ಎರಡು ವಾರ ಜಿಮ್‌ನ ಕಡೆ ತಲೆ ಹಾಕಲಿಲ್ಲ. ಕನ್ನಡಿಯ ಮುಂದೆ ನಿಂತರೂ ಮನಸ್ಸು ಗಟ್ಟಿ ಇಲ್ಲದ ಹೆಂಗಸೊಬ್ಬಳು ಕಾಣುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ, ಯಾರೂ ಬರುವ ಮೊದಲು, ಹೋಗಿ ನೂರು ಹಾಕಿದೆ. ನನ್ನನ್ನು ಸೋಲಿಸಿದ ನೂರನ್ನು ಒಮ್ಮೆ ಮಾತಾಡಿಸಬೇಕೆಂದು. ಅದು ಸಲೀಸಾಗಿ ಎದ್ದಿತು. ಒಂದಲ್ಲ, ಮೂರು ಸಲ. ಎರಡು ವಾರ ಕಂಬಿ ಮುಟ್ಟದ ಕಾಲುಗಳಲ್ಲಿ!

ಮನಸ್ಸು ಗಟ್ಟಿಯೋ ಅಲ್ಲವೋ ನನಗೆ ತಿಳಿಯದು, ಲೆಕ್ಕ ಮಾತ್ರ ತಿಳಿಯುತ್ತದೆ. ಎರಡೂ ಕಡೆ ಎತ್ತಿದವಳು ನಾನೇ ಆಗಿದ್ದರೆ ಬದಲಾದದ್ದು ತೂಕ. ಇಪ್ಪತ್ತು ಎಂದು ಅಚ್ಚಾಗಿದ್ದ ಹಳೆಯ ಪ್ಲೇಟೊಂದನ್ನು ಕಳಚಿ ಎದೆಗೊತ್ತಿಕೊಂಡು ಮೆಟ್ಟಿಲಿಳಿದೆ. ಸಾಹುಕಾರರು ಆಗಷ್ಟೇ ಬಾಗಿಲು ತೆಗೆದಿದ್ದರು. ಮೂಟೆ ತೂಗುವ ಯಂತ್ರದ ಮೇಲೆ ಇಟ್ಟೆ.

ಹದಿನೆಂಟು.

ಉಳಿದ ಮೂರನ್ನೂ ತಂದು ಇಟ್ಟೆ. ಎಲ್ಲವೂ ಹದಿನೆಂಟರ ಆಸುಪಾಸು. ಸಾಹುಕಾರರು ಅಗರಬತ್ತಿ ಹಚ್ಚುತ್ತ, "ಇದನ್ನು ಎಷ್ಟು ಸಲ ತೂಗುದು ಟೀಚರ್? ನಿಮ್ಮ ಮಾಸ್ಟ್ರೂ ಆ ಲ್ಯಾಬಿನವರೂ ಆವತ್ತೇ ತಂದು ತೂಗಿದ್ರಲ್ಲ" ಎಂದರು.

"ಯಾವಾಗ?"

"ಲ್ಯಾಬಿನವರು ಮಂಗಳೂರಿಗೆ ಹೋಗಿ ಬಂದ ಮರುದಿವಸ."

ಐದನೆಯ ವಾರ. ನಾನು ಅಲ್ಲಿಯೇ ಮೂಟೆಯ ಮೇಲೆ ಕೂತೆ. ನಮ್ಮ ನೂರು ಎಂದರೆ ತೊಂಬತ್ತೆರಡು. ನನ್ನ ನೂರ ಏಳೂವರೆ ಎಂದರೆ ತೊಂಬತ್ತೊಂಬತ್ತೂವರೆ. ಹಾಗಾದರೆ ಸ್ಪರ್ಧೆಯ ದಿನ, ಎರಡು ಸಲ ಸೋತು ಕಣ್ಣು ಕತ್ತಲೆ ಬಂದು ನಾನು ಎತ್ತಿದ ನೂರು, ನನ್ನ ಜೀವಮಾನದಲ್ಲಿ ನಾನು ಹೆಗಲ ಮೇಲೆ ಹೊತ್ತು ಎದ್ದ ಅತಿ ಹೆಚ್ಚಿನ ತೂಕ. ಅದಕ್ಕೆ ನಾನು ಕ್ಷಮೆ ಕೇಳಿದ್ದೆ. ಗೊತ್ತಿದ್ದವರಿಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಕೂತು ಕೇಳಿಸಿಕೊಂಡಿದ್ದರು.

ಅಷ್ಟರಲ್ಲಿ ಇಬ್ಬರೂ ಬಂದರು. ಯಂತ್ರದ ಮೇಲಿನ ಪ್ಲೇಟುಗಳನ್ನು ಕಂಡು ನಿಂತರು.

"ಹೊಸತು ತರಿಸುವ ಅಂತ ಇದ್ದೆ ಟೀಚರ್" ಎಂದರು ಮಾಸ್ಟ್ರು. "ಈಗ ಹೇಳಿದ್ರೆ ನೂರು ಎತ್ತಿದ ಹುಡುಗರೆಲ್ಲ ಎಂತ ಹೇಳಿಯಾರು? ಬಜೆ ತಿಂದದ್ದೆಲ್ಲ ಸುಳ್ಳು ಆಗ್ತದೆ."

"ಹುಡುಗರಿಗೆ ಬೇಡ. ನನಗೆ?"

ನಾನು ಗೆಳತಿಯ ಕಡೆ ತಿರುಗಿದೆ.

"ಮಾಸ್ಟ್ರು ಬೇಡ ಅಂದ್ರು ಮಾರಾಯ್ತಿ. ಹೇಳಿದ್ರೆ ನೀನು ಹೆದರಿ ಬರ್ತಿರ್ಲಿಲ್ಲ."

"ನಿನ್ನದನ್ನು ಮಾತ್ರ ಇಳಿಸಿದಿ" ಎಂದೆ.

ಅವಳು ಅಳತೊಡಗಿದಳು. ನನಗೆ ಕನಿಕರ ಬರಲಿಲ್ಲ. ಪ್ಲೇಟು ಕಡಿಮೆ ತೂಗಿದ್ದಕ್ಕೆ ನನಗೆ ಸಿಟ್ಟಿಲ್ಲ, ಅದು ಕಬ್ಬಿಣ, ಅದಕ್ಕೇನು ಗೊತ್ತು. ನನ್ನ ಬೆನ್ನ ಹಿಂದೆ ನಿಂತ ಕೈಗಳು ತಾವು ಹಿಡಿಯಬೇಕಾದ್ದು ಎಷ್ಟು ಕಿಲೋ ಎಂದು ತಿಳಿದೂ ಸುಮ್ಮನಿದ್ದವು. ಬಸ್ಸಿನಲ್ಲಿ ನನ್ನ ಕೈ ಹಿಡಿದದ್ದೂ ಅದೇ ಕೈ. ಅದು ಈಗಲೂ ನುಂಗಲಾರದ ತುತ್ತು.

ಎದುರಿನ ಹೋಟೆಲಿಗೆ ಹೋಗಿ ದೊಡ್ಡ ಕಟ್ಟು ಗೋಳಿಬಜೆ ಕಟ್ಟಿಸಿದೆ. ಮಂಡಿಗೆ ಬಂದು ಸಾಹುಕಾರರಿಗೆ, ಮೂಟೆ ಹೊರುವವರಿಗೆ ಹಂಚಿದೆ.

"ಎಂತ ವಿಶೇಷ ಟೀಚರ್?" ಎಂದು ಸಾಹುಕಾರರು ಕೇಳಿದರು.

"ನೂರು ಎತ್ತಿದೆ" ಎಂದೆ.

ಅವರಿಬ್ಬರೂ ಮೆಟ್ಟಿಲ ಬುಡದಲ್ಲಿ ಇನ್ನೂ ನಿಂತಿದ್ದರು. ಕಟ್ಟಿನಲ್ಲಿ ಬಜೆ ಉಳಿದಿತ್ತು. ನಾನು ಅದನ್ನು ಅವರ ಕಡೆ ಚಾಚಲಿಲ್ಲ, ಶಾಲೆಯ ಬಸ್ಸು ಹಿಡಿದೆ.