ಉಡಚಮ್ಮ ಮಾತು ನಿಲ್ಲಿಸಲಿಲ್ಲ

ಜಗಳೂರಿನಿಂದ ನಾಲ್ಕು ಮೈಲಿ ದೂರದ ಒಂದು ಹಳ್ಳಿಯ ಬಾಲವಾಡಿಯಲ್ಲಿ ಉಡಚಮ್ಮ ಟೀಚರಾಗಿದ್ದಳು. ಮೂವತ್ತು ಮಕ್ಕಳಿಗೆ ಹಾಡು ಹೇಳಿಕೊಡುವಾಗ ಅವಳ ದನಿ ಚೆನ್ನಾಗಿಯೇ ಇರುತ್ತಿತ್ತು. ದೊಡ್ಡವರ ಮುಂದೆ ನಿಂತರೆ ಮಾತ್ರ ಅದು ಗಂಟಲಲ್ಲೇ ಕುಳಿತುಬಿಡುತ್ತಿತ್ತು. ಅದಕ್ಕೊಂದು ಕಾರಣವಿತ್ತು.

ಕೆಲಸಕ್ಕೆ ಸೇರಿದ ವರ್ಷ, ಅಂದರೆ ಎಪ್ಪತ್ತೊಂಬತ್ತರಲ್ಲಿ, ಹೊನ್ನಾಳಿಯಲ್ಲಿ ಬಾಲವಾಡಿ ಟೀಚರುಗಳಿಗೆ ಹದಿನೈದು ದಿನದ ತರಬೇತಿ ಶಿಬಿರ ನಡೆಯಿತು. ಕೊನೆಯ ದಿನ ಒಬ್ಬ ಡಾಕ್ಟರಮ್ಮ ಅತಿಥಿಯಾಗಿ ಬಂದಿದ್ದರು. ಅವರ ಪರಿಚಯ ಮಾಡಿಕೊಡುವ ಕೆಲಸ ಉಡಚಮ್ಮನದು. "ಇವರು" ಎಂದು ಶುರುಮಾಡಿದ್ದಳು, ಅಷ್ಟೆ. ಮೈಕು ನಿಂತುಹೋಯಿತು. ಉಡಚಮ್ಮ ಬೆರಳಿನಿಂದ ಅದನ್ನು ತಟ್ಟಿದಳು, ಊದಿದಳು, "ಹಲೋ, ಹಲೋ" ಅಂದಳು. ಮೂರನೆಯ ಹಲೋಗೆ ಹಿಂದಿನಿಂದ ಯಾರೋ "ಹಲೋ, ಯಾರ್ರೀ ಮಾತಾಡೋದು?" ಎಂದರು. ಸಭೆಯೆಲ್ಲ ನಕ್ಕಿತು. ಅವಳು ಕೈಮುಗಿದು ಹೋಗಿ ಕುಳಿತುಬಿಟ್ಟಳು. ಡಾಕ್ಟರಮ್ಮ ತಾವೇ ಎದ್ದು, ತಮ್ಮ ಹೆಸರು ತಾವೇ ಹೇಳಿಕೊಂಡು ಭಾಷಣ ಮಾಡಬೇಕಾಯಿತು.

ಅವತ್ತು ಊಟಕ್ಕೆ ಬಾರದೆ ಕೋಣೆಯಲ್ಲಿ ಕುಳಿತಿದ್ದ ಉಡಚಮ್ಮನ ಹತ್ತಿರ ತರಬೇತಿ ಕೊಡುತ್ತಿದ್ದ ಸರ್ವಮಂಗಳಮ್ಮನವರು ಬಂದರು. ದಪ್ಪ ಕನ್ನಡಕದ, ಸಿಡುಕು ಮೋರೆಯ ಹೆಂಗಸು.

"ಮೈಕು ಸತ್ರೆ ಸಾಯ್ಲಿ. ಅದರ ಜೊತೆ ನೀನ್ಯಾಕೆ ಸಾಯಾಕೆ ಹೋದೆ?" ಅಂದರು. "ನೋಡು, ಅದನ್ನ ರಿಪೇರಿ ಮಾಡೋದು ಮೈಕಿನೋನ ಕೆಲಸ. ನೀನು ತಟ್ಟಬ್ಯಾಡ, ಊದಬ್ಯಾಡ. ಒಂದು ಉಸಿರು ತಗೋ. ಸ್ಟ್ಯಾಂಡು ಬಿಟ್ಟು ಮುಂದಕ್ಕೆ ಬಾ. ಅರ್ಧಕ್ಕೆ ನಿಂತ ಮಾತನ್ನ ಮೊದಲಿಂದ ಹೇಳು. ಸಣ್ಣ ಸಣ್ಣ ಮಾತು ಹೇಳು, ಉದ್ದಂದು ಬ್ಯಾಡ. ಕಿರುಚಬ್ಯಾಡ, ಕಟ್ಟಕಡೀಗೆ ಕೂತೋನನ್ನ ನೋಡಿ ಹೇಳು. ಹೆಸರನ್ನ ಕೊನೇಗೆ ಇಟ್ಕೊ. ಅಲ್ಲೀತಂಕ ಜನ ಕಾಯ್ತಾರೆ."

"ನಡುವೆ ಮೈಕು ವಾಪಸ್ ಬಂದ್ರೆ, ಮೇಡಂ?"

"ಬಂದ್ರೆ ಬರ್ಲಿ. ಹಿಡಿದ ಮಾತು ಮುಗಿಸಿ ಆಮ್ಯಾಕೆ ಮೈಕಿನ ಹತ್ರ ಹೋಗು. ಮೈಕು ನಿನ್ನ ಮಾತಿಗೆ ಕಾಯ್ಬೇಕು, ನೀನು ಅದಕ್ಕಲ್ಲ. ಈಗ ಎದ್ದು ಊಟ ಮಾಡು."

ಉಡಚಮ್ಮ ಅದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡಳು. ಮೂರು ವರ್ಷ ಅದನ್ನು ತೆರೆಯುವ ಸಂದರ್ಭ ಬರಲಿಲ್ಲ. ಯಾರಾದರೂ ಮಾತಾಡಲು ಕರೆದರೆ "ಗಂಟಲು ಕಟ್ಟೈತೆ" ಎಂದು ತಪ್ಪಿಸಿಕೊಳ್ಳುತ್ತಿದ್ದಳು.

ಎಂಬತ್ತೆರಡರ ಡಿಸೆಂಬರಿನಲ್ಲಿ ಊರಿನ ಯುವಕ ಸಂಘದವರು ವಾರ್ಷಿಕೋತ್ಸವಕ್ಕೆ ಸೂಲಗಿತ್ತಿ ಗಾದ್ರಮ್ಮನಿಗೆ ಸನ್ಮಾನ ಮಾಡಬೇಕೆಂದು ತೀರ್ಮಾನಿಸಿದರು. ಗಾದ್ರಮ್ಮನಿಗೆ ಎಪ್ಪತ್ತು ದಾಟಿತ್ತು. ಸುತ್ತಲ ಆರು ಹಳ್ಳಿಗಳ ಕೂಸುಗಳನ್ನು ಮೊದಲು ಎತ್ತಿಕೊಂಡ ಕೈ ಅವಳದು. ಹೆರಿಗೆಯ ರಾತ್ರಿ ಒಳಕೋಣೆಗೆ ಕೈಹಿಡಿದು ಕರೆದೊಯ್ದವರೇ ತೊಟ್ಟಿಲು ಶಾಸ್ತ್ರದ ದಿನ ಅವಳನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಎಲೆ ಹಾಕುತ್ತಿದ್ದರು. ಗಂಡನಿಲ್ಲದವಳು ಎಂಬ ಕಾರಣಕ್ಕೆ. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ.

ಸನ್ಮಾನದ ಸುದ್ದಿ ಹೇಳಲು ಸಂಘದ ಅಧ್ಯಕ್ಷ ಪಾಲಣ್ಣ ಹೋದಾಗ ಅವಳು, "ಶಾಲು ಗೀಲು ನನಗ್ಯಾಕಪ್ಪ, ಹೊಚ್ಕಳಾಕೆ ಕಂಬಳಿ ಐತೆ," ಅಂದಳು. ಪಾಲಣ್ಣ ಏಳುವಷ್ಟರಲ್ಲಿ ಕೇಳಿದಳು: "ನನ್ನ ಬಗ್ಗೆ ನಾಕು ಮಾತು ಹೇಳ್ತೀರೇನು? ಎಲ್ಲರ ಮುಂದೆ?"

"ಹೇಳ್ತೀವಲ್ಲವ್ವ. ಪರಿಚಯ ಭಾಷಣ ಅಂತ ಇರ್ತೈತೆ."

"ಹಂಗಾದ್ರೆ ಬರ್ತೀನಿ. ಬಾಲವಾಡಿ ಉಡಚಿ ಹೇಳ್ಲಿ. ಅವಳೂ ನನ್ನ ಕೈಯಾಗೆ ಬಂದೋಳೆಯ."

ಈ ಮಾತಿಗೆ ಗಂಟಲು ಕಟ್ಟಿದೆ ಎಂಬ ನೆಪ ನಡೆಯುವಂತಿರಲಿಲ್ಲ. ಉಡಚಮ್ಮ ಮೂರು ಸಂಜೆ ಗಾದ್ರಮ್ಮನ ಜಗಲಿಯ ಮೇಲೆ ಕುಳಿತು ಕೇಳಿ ಕೇಳಿ ಬರೆದುಕೊಂಡಳು. ಬರೆದದ್ದನ್ನು ಓದಿ ತೋರಿಸಿದಳು. "ಇಷ್ಟೂ ಹೇಳ್ತೀಯ?" ಎಂದು ಮುದುಕಿ ಕೇಳಿದಳು. "ಒಂದೂ ಬಿಡಲ್ಲ, ಅಜ್ಜಿ," ಎಂದು ಉಡಚಮ್ಮ ಮಾತು ಕೊಟ್ಟಳು.

ಕಾರ್ಯಕ್ರಮ ಶಾಲೆಯ ಅಂಗಳದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಶಾಮಿಯಾನದ ಒಳಗೆ ಹೆಂಗಸರು, ಮಕ್ಕಳು. ಗಂಡಸರೆಲ್ಲ ಆಚೆ ಬೇವಿನ ಮರದ ಕೆಳಗೆ ಕುಳಿತು, ಮರಕ್ಕೆ ಕಟ್ಟಿದ್ದ ಹಾರನ್ನಿನಲ್ಲಿ ಕೇಳಿಸಿದ್ದನ್ನಷ್ಟೇ ಕೇಳುತ್ತಿದ್ದರು. ಶಾಲೆಯ ಹಿಂದೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಜಗಳೂರಿನ ಮೈಕ್ ಸೆಟ್ಟಿನ ತಿಪ್ಪೇಶಪ್ಪ ಶಾಲೆಯ ಮೀಟರ್ ಬೋರ್ಡಿನಿಂದ ವೈರು ಎಳೆದಿದ್ದ.

ಆ ಕಡೆಯ ಊರುಗಳಲ್ಲಿ ಒಂದು ರೂಢಿಯಿತ್ತು. ವಂದನಾರ್ಪಣೆ ಮುಗಿಯುತ್ತಿದ್ದಂತೆ ತಿಪ್ಪೇಶಪ್ಪ ಮೈಕು ಬಂದ್ ಮಾಡುತ್ತಿದ್ದ. ಹಾರನ್ನು ಸುಮ್ಮನಾಯಿತೆಂದರೆ ಎಲೆ ಹಾಕಿದರು ಎಂದು ಅರ್ಥ. ಬೇರೆ ಯಾರೂ ಊಟಕ್ಕೆ ಕರೆಯಬೇಕಿರಲಿಲ್ಲ.

ಅತಿಥಿಗಳ ಭಾಷಣ ಮುಗಿದು ಉಡಚಮ್ಮನ ಸರದಿ ಬಂದಾಗ ಹನ್ನೆರಡೂವರೆ. ಗಾದ್ರಮ್ಮ ವೇದಿಕೆಯ ಕುರ್ಚಿಯಲ್ಲಿ ಎರಡೂ ಕಾಲು ಮೇಲಿಟ್ಟುಕೊಂಡು ಕುಳಿತಿದ್ದಳು. ಉಡಚಮ್ಮ ಕಾಗದ ಬಿಡಿಸಿದಳು. "ಈ ತಾಯಿ ಮೊದಲನೇ ಹೆರಿಗೆ ಮಾಡಿಸಿದಾಗ ಇವರಿಗೆ ಬರೀ ಹತ್ತೊಂಬತ್ತು..." ಎನ್ನುವಷ್ಟರಲ್ಲಿ ದನಿ ಕತ್ತರಿಸಿದಂತಾಯಿತು. ಮೈಕಿನ ಡಬ್ಬಿಯ ಕೆಂಪು ದೀಪ ಆರಿತ್ತು. ಕರೆಂಟು ಹೋಗಿತ್ತು.

"ಬ್ಯಾಟ್ರಿ ಹಾಕೋ," ಎಂದ ಪಾಲಣ್ಣ.

"ಬ್ಯಾಟ್ರಿ ನಿನ್ನೆ ಮದುವಿ ಮನ್ಯಾಗೆ ಇಳಿದೋಗೈತೆ ಅಣ್ಣ. ಚಾರ್ಜಿಗೆ ಹಾಕೀನಿ," ಎಂದು ತಿಪ್ಪೇಶಪ್ಪ ತಲೆ ಕೆರೆದುಕೊಂಡ.

ಬೇವಿನ ಮರದ ಕೆಳಗೆ ಗಂಡಸರು ಎದ್ದು ಪಂಚೆ ಕೊಡವಿಕೊಂಡರು. "ಮೈಕು ಬಂದಾತು, ನಡೀರಪ್ಪ, ಎಲೆ ಹಾಕ್ಯಾರೆ," ಎಂದು ಯಾರೋ ಅಂದದ್ದು ಕೇಳಿಸಿತು. ಅವರನ್ನು ನೋಡಿ ಶಾಮಿಯಾನದ ಹಿಂದಿನ ಸಾಲಿನವರೂ ಚಪ್ಪಲಿ ಹುಡುಕತೊಡಗಿದರು. ಪಾಲಣ್ಣ ಶಾಲು ಹಿಡಿದು ಬಂದು ಮೆಲ್ಲಗೆ ಹೇಳಿದ: "ಟೀಚರ್, ಪರಿಚಯ ಬಿಡ್ರಿ. ಎಲ್ಲರಿಗೂ ಗೊತ್ತಿರೋ ಮುದುಕಿ. ಹೊದಿಸಿಬಿಡ್ತೀನಿ, ಜನ ಎದ್ರು."

ಉಡಚಮ್ಮನ ಬೆರಳು ಆಗಲೇ ಮೈಕಿನ ಹತ್ತಿರ ಹೋಗಿತ್ತು. ಗಾದ್ರಮ್ಮ ಕುರ್ಚಿಯಿಂದ ಕಾಲು ಇಳಿಸಿ, ಏಳಲೋ ಬೇಡವೋ ಎಂದು ಅವಳನ್ನೇ ನೋಡುತ್ತಿದ್ದಳು. ಕಟ್ಟೆಯ ಮೇಲೆ ಎಲೆ ಹಾಕಿಸಿಕೊಂಡವಳ ಮುಖ ಅದು. ಬೇಡವೆಂದರೆ ಬೇಡ, ಅವಳಿಗೆ ಅಭ್ಯಾಸವಾಗಿತ್ತು.

ಉಡಚಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಒಂದು ಉಸಿರು ತೆಗೆದುಕೊಂಡಳು. "ಎಲ್ಡು ನಿಮಿಷ ಇರ್ರಿ, ಪಾಲಣ್ಣ," ಎಂದು ಸ್ಟ್ಯಾಂಡನ್ನು ಬಿಟ್ಟು ವೇದಿಕೆಯ ಅಂಚಿಗೆ ಬಂದಳು. ಕರೆಂಟಿನ ಮಾತೆತ್ತಲಿಲ್ಲ. ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ. ಅರ್ಧಕ್ಕೆ ನಿಂತದ್ದನ್ನು ಮೊದಲಿನಿಂದ ಹೇಳಿದಳು:

"ಈ ತಾಯಿ ಮೊದಲನೇ ಹೆರಿಗೆ ಮಾಡಿಸಿದಾಗ ಇವರಿಗೆ ಬರೀ ಹತ್ತೊಂಬತ್ತು ವರ್ಷ."

ಅವಳ ದನಿ ಐದನೆಯ ಸಾಲಿಗೆ ಹೋಗಿ ನಿಂತಿತು. ಅದು ಅವಳಿಗೂ ತಿಳಿಯಿತು. ಆರನೆಯ ಸಾಲಿನಲ್ಲಿ ಒಬ್ಬಳು "ಏನಂತೆ?" ಎಂದು ಪಕ್ಕದವಳನ್ನು ಕೇಳಿದಳು. ಕಿರುಚಿದರೆ ದನಿ ಒಡೆಯುತ್ತದೆ, ಮತ್ತೆ ನಗುತ್ತಾರೆ.

ಮುಂದಿನ ಸಾಲಿನಲ್ಲಿ ಚೌಡಕ್ಕ ಕುಳಿತಿದ್ದಳು, ಅವಳ ಜೊತೆಯ ನಾಲ್ವರೂ ಇದ್ದರು. ಊರಿನ ಯಾವ ಮದುವೆಯಾದರೂ ಸೋಬಾನೆ ಹೇಳುವವರು ಅವರೇ. ಒಬ್ಬಳು ಒಂದು ಸೊಲ್ಲು ಹೇಳಿದರೆ ಉಳಿದವರು ಒಟ್ಟಾಗಿ ಅದನ್ನೇ ಎತ್ತಿ ಹೇಳುವುದು. ಮದುವೆ ಮನೆಯ ಗಲಾಟೆಯಲ್ಲೂ ಆ ಸೊಲ್ಲು ಬೀದಿಯ ಕೊನೆಗೆ ಕೇಳಿಸುತ್ತಿತ್ತು, ಮೈಕಿಲ್ಲದೆ. ಇದು ನೋಟುಪುಸ್ತಕದಲ್ಲಿ ಇರಲಿಲ್ಲ.

"ಚೌಡಕ್ಕ, ನಾನು ಹೇಳಿದ್ದನ್ನ ನೀವು ಸೋಬಾನೆ ಎತ್ತಿದಂಗೆ ಎತ್ತಿ ಹಿಂದಕ್ಕೆ ಹೇಳ್ರಿ. ರಾಗ ಬ್ಯಾಡ, ಮಾತು ಸಾಕು."

ಚೌಡಕ್ಕ ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕಡೆ ದವಡೆಗೆ ಸರಿಸಿ, ಹಿಂದಕ್ಕೆ ತಿರುಗಿ ನಿಂತಳು. ನಾಲ್ವರೂ ಎದ್ದರು. "ಬರೀ ಹತ್ತೊಂಬತ್ತು ವರ್ಸ!" ಐದು ದನಿಗಳು ಒಟ್ಟಿಗೆ ಹೊರಟು ಬೇವಿನ ಮರವನ್ನು ಮುಟ್ಟಿದವು. ಚಪ್ಪಲಿ ಮೆಟ್ಟಿದ್ದವರು ತಿರುಗಿ ನೋಡಿದರು.

"ಆಗ ಈ ಊರಿಗೆ ರಸ್ತೆ ಇರಲಿಲ್ಲ."

"ರಸ್ತೆ ಇರ್ಲಿಲ್ಲ!"

"ಮಳೆಗಾಲದಾಗೆ ಎಂಟು ಮೈಲಿ ನಡೆದು ಹೋಗಿ ಒಂದು ಕೂಸು ಉಳಿಸ್ಯಾರೆ."

ಉತ್ಸಾಹದಲ್ಲಿ ಚೌಡಕ್ಕ ಅದನ್ನು "ಎಂಟು ಮೈಲಿ ಓಡೋಗಿ!" ಎಂದು ಕಳಿಸಿದಳು. ಮರದ ಕೆಳಗಿನಿಂದ "ಹದಿನೆಂಟು ಮೈಲಿನಾ?" ಎಂದು ಪ್ರಶ್ನೆ ಬಂತು.

ವೇದಿಕೆಯ ಮೇಲಿಂದ ಗಾದ್ರಮ್ಮನೇ ಕೂಗಿದಳು: "ಓಡಿಲ್ಲಪ್ಪ, ನಡೆದೆ. ಎಂಟೇ ಮೈಲಿ. ನೀನು ಹುಟ್ಟಿದ ದಿನ ಮಾತ್ರ ಓಡೀನಿ, ನಿಮ್ಮವ್ವ ಅಷ್ಟು ಕೂಗ್ತಿದ್ಲು."

ನಗು ಎದ್ದಿತು. ಉಡಚಮ್ಮ ಕಾಗದದಿಂದ ತಲೆಯೆತ್ತಿ ನೋಡಿದಳು. ಈ ನಗು ಹೊನ್ನಾಳಿಯ ನಗುವಲ್ಲ. ಇದು ಕುಳಿತುಕೊಳ್ಳುವವರ ನಗು. ಗಂಡಸರು ಮರದ ಬುಡ ಬಿಟ್ಟು ಶಾಮಿಯಾನದ ಹತ್ತಿರಕ್ಕೆ ಬಂದು ಕುಳಿತರು. ಅವಳು ನಗು ಇಳಿಯುವವರೆಗೆ ಕಾದು ಮುಂದಿನ ಮಾತು ಹೇಳಿದಳು. ಕಾಗದದಲ್ಲಿ ಉದ್ದವಾಗಿದ್ದ ವಾಕ್ಯಗಳನ್ನು ಅಲ್ಲೇ ಎರಡು ಮೂರಾಗಿ ಮುರಿದಳು. ಹೆರಿಗೆಗೆ ಜನ ಕೊಟ್ಟಷ್ಟು ಜೋಳವನ್ನು ಗಾದ್ರಮ್ಮ ಸೆರಗಿಗೆ ಹಾಕಿಕೊಂಡು ಬರುತ್ತಿದ್ದದ್ದನ್ನು ಹೇಳಿದಳು. ಕಷ್ಟದ ಹೆರಿಗೆಯೆಂದು ಕೈಗೆ ತಿಳಿದ ಕೂಡಲೇ, "ಇದು ನನ್ನ ಕೈಲಿ ಆಗಲ್ಲ, ಆಸ್ಪತ್ರೆಗೆ ಗಾಡಿ ಕಟ್ರಿ," ಎಂದು ಹೇಳುವ ಧೈರ್ಯ ಅವಳಿಗಿತ್ತು ಎಂಬುದನ್ನೂ ಹೇಳಿದಳು. ಕೊನೆಗೆ ಕಾಗದದಲ್ಲಿ ಇಲ್ಲದ ಒಂದು ಮಾತು ಬಂತು.

"ತೊಟ್ಟಿಲ ದಿನ ಇವರನ್ನ ನಾವು ಹೊರಗೆ ಕಟ್ಟೆ ಮ್ಯಾಲೆ ಕೂರಿಸೀವಿ."

ಚೌಡಕ್ಕ ಇದನ್ನು ತಕ್ಷಣ ಎತ್ತಲಿಲ್ಲ. ಅವಳ ಮೂರು ಮೊಮ್ಮಕ್ಕಳ ತೊಟ್ಟಿಲೂ ಹಾಗೆಯೇ ಆಗಿತ್ತು. ಆಮೇಲೆ ಅವಳೊಬ್ಬಳೇ ತಗ್ಗಿದ ದನಿಯಲ್ಲಿ, "ಕಟ್ಟೆ ಮ್ಯಾಲೆ ಕೂರಿಸೀವಿ," ಅಂದಳು. ಅಷ್ಟು ಮೆಲ್ಲಗೆ ಹೇಳಿದ್ದು ಕೂಡ ಹಿಂದಿನವರೆಗೆ ಕೇಳಿಸಿತು.

"ಇವತ್ತು ಕುರ್ಚಿ ಮ್ಯಾಲೆ ಕೂರಿಸೀವಿ. ಇವರ ಹೆಸರು..."

ಆಗಲೇ ಹಾರನ್ನು ಕುಯ್ಯೆಂದು ಕಿರುಗುಟ್ಟಿತು. ಕೆಂಪು ದೀಪ ಹತ್ತಿತ್ತು. ತಿಪ್ಪೇಶಪ್ಪ ಸ್ಟ್ಯಾಂಡನ್ನು ಎತ್ತಿಕೊಂಡೇ ಅವಳ ಕಡೆ ಓಡಿಬಂದ. "ತಗಳ್ರಿ ಟೀಚರ್, ಬಂತು, ಬಂತು."

ಉಡಚಮ್ಮ ಕೈ ಎತ್ತಿ ಅವನನ್ನು ತಡೆದಳು. ಅವನು ಸ್ಟ್ಯಾಂಡು ಹಿಡಿದುಕೊಂಡು ಅವಳಿಗೂ ಸೋಬಾನೆಯವರಿಗೂ ನಡುವೆ ನಿಂತ. ಹಿಡಿದ ಮಾತು ಇನ್ನೂ ಮುಗಿದಿರಲಿಲ್ಲ.

"ಗಾದ್ರಮ್ಮ," ಎಂದಳು, ಬರಿಯ ದನಿಯಲ್ಲಿ.

"ಗಾದ್ರಮ್ಮ!" ಎಂದರು ಐವರೂ. ಯಾರೂ ಕೇಳಿಕೊಳ್ಳದೆಯೇ ಅವರ ಹಿಂದಿನ ಸಾಲು ಅಂದಿತು, ಅದರ ಹಿಂದಿನವರು ಅಂದರು, ಗಂಡಸರೂ ಅಂದರು. ತಿಪ್ಪೇಶಪ್ಪನ ಕೈಯಲ್ಲಿದ್ದ ಮೈಕು ಅದನ್ನೆಲ್ಲ ಹಿಡಿದು ಹಾರನ್ನಿಗೆ ಕೊಟ್ಟಿತು. ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರಿಗೂ ಅದು ಕೇಳಿಸಿತಂತೆ.

ಪಾಲಣ್ಣ ಶಾಲು ಹೊದಿಸಿದ. ಗಾದ್ರಮ್ಮ ಅದರ ತುದಿಯಿಂದ ಕಣ್ಣೊರೆಸಿಕೊಂಡು ಉಡಚಮ್ಮನಿಗೆ ಹೇಳಿದಳು:

"ಇಷ್ಟು ವರ್ಸ ಜನ ನನ್ನ ಹೆಸರು ಕೂಗ್ತಿದ್ದದ್ದು ಹೆರಿಗೆ ಬ್ಯಾನಿ ಬಂದಾಗ್ಲೇ, ಮಗ. ಇವತ್ತು ಯಾರಿಗೂ ಬ್ಯಾನಿ ಇಲ್ಲ, ಆದ್ರೂ ಕೂಗಿದ್ರು ನೋಡು."

ಆಮೇಲೆ ಸುತ್ತಲ ಊರುಗಳವರು ಪರಿಚಯ ಭಾಷಣಕ್ಕೆ ಉಡಚಮ್ಮನನ್ನು ಕರೆಯತೊಡಗಿದರು. ಅವಳು ಹೋಗುತ್ತಿದ್ದಳು. ಹೋದಲ್ಲೆಲ್ಲ ಮೊದಲು ತಿಪ್ಪೇಶಪ್ಪನ ಹತ್ತಿರ ನಿಂತು, "ಬ್ಯಾಟ್ರಿ ಐತೇನಣ್ಣ?" ಎಂದು ಕೇಳುತ್ತಿದ್ದಳು. ಅವನು, "ನಿಮಗ್ಯಾಕೆ ಟೀಚರ್ ಬ್ಯಾಟ್ರಿ?" ಅಂದರೂ ಬಿಡದೆ ತೆಗೆಸಿ ನೋಡುತ್ತಿದ್ದಳು. ನೋಡಿದ ಮೇಲೆ ಮುಂದಿನ ಸಾಲಿನಲ್ಲಿ ಯಾರು ಯಾರು ಕುಳಿತಿದ್ದಾರೆ ಎಂದೂ ಒಮ್ಮೆ ನೋಡಿಕೊಳ್ಳುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಚೌಡಕ್ಕನ ಮನೆಯಲ್ಲಿ ಇನ್ನೊಂದು ತೊಟ್ಟಿಲು ಶಾಸ್ತ್ರವಾಯಿತು. ಅಂದು ಹೊರಗಿನ ಕಟ್ಟೆ ಖಾಲಿಯಿತ್ತು. ಗಾದ್ರಮ್ಮ ಒಳಗೆ, ತೊಟ್ಟಿಲ ಪಕ್ಕದಲ್ಲೇ ಕುಳಿತಿದ್ದಳು.